‘ರ’ದೊಳಗಿನ ತೊಗರಿ ಕಾಳು

ಪ್ರಶ್ನೆ: ಸರ, ಕಲಬುರಗಿ, ಬೀದರ, ಯಾದಗಿರಿ ಕಡೆಯ ಕಲಾವಿದರನ್ನೇ ಹಾಕ್ಕೊಂಡು ‘ಎರೆಮಣ್ಣು’ ಅಂತ ಒಂದು ಸಿನಿಮಾ ಮಾಡೀವಿ. ಪೋಸ್ಟರ್ ಕಳಿಸೀನಿ. ಅದರಾಗ 17 ಮಂದಿ ಮುಖ ಅದಾವ. ನೋಡಿದವರು ಸಿನಿಮಾದ ಹೆಸರು ಓದಲಾಕ ತಡವರಿಸ್ತಾರ. ಹಿರಿಯ ರಂಗಕಲಾವಿದರೊಬ್ಬರು ತಮ್ಮ ಹೆಸರು ಎಲ್ಲೋ ನಡುವ ಬಿದ್ದದ ಅಂತ ಬ್ಯಾಸರ ಮಾಡ್ಕೊಂಡಾರ. ಯಾರ ಮುಖನೂ ತೆಗೀಲಾಕ ಆಗಂಗಿಲ್ಲ. ಏನು ತಿದ್ದಬೇಕು?

ಉತ್ತರ: ನೀವು ಕಳಿಸಿದ ಪೋಸ್ಟರನ್ನು ಎ4 ಹಾಳೆಯಲ್ಲಿ ಮುದ್ರಿಸಿಕೊಂಡು ನಮ್ಮ ಓಣಿಯ ಕಿರಾಣಿ ಅಂಗಡಿಯ ಬಾಗಿಲಿಗೆ ಅಂಟಿಸಿದೆ. ಸಾಮಾನು ಕೊಳ್ಳಲು ಬಂದ ಐವರಿಗೆ, ಬೇರೇನನ್ನೂ ಹೇಳದೆ, ಸಿನಿಮಾದ ಹೆಸರೇನೆಂದು ಕೇಳಿದೆ. ಇಬ್ಬರು ‘ಎರಮಣ್ಣು’ ಎಂದರು. ಒಬ್ಬ ಹುಡುಗ ‘ಎಠ…’ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಇನ್ನೊಬ್ಬರು ‘ಮಣು’ ಎಂದಷ್ಟೇ ಓದಿದರು. ಸರಿಯಾಗಿ ಓದಿದವರು ಒಬ್ಬರೇ, ಅವರೂ ಎರಡನೆಯ ಸಲ ನೋಡಿ ಓದಿದರು. ಈ ತಪ್ಪುಗಳಲ್ಲಿ ಯಾವುದೂ ಓದುವವರ ತಪ್ಪಲ್ಲ. ಪ್ರತಿಯೊಂದಕ್ಕೂ ನಿಮ್ಮ ಅಕ್ಷರ ವಿನ್ಯಾಸದಲ್ಲಿ ಬೆರಳಿಟ್ಟು ತೋರಿಸಬಹುದಾದ ಕಾರಣವಿದೆ. ಆದ್ದರಿಂದ ಮೊದಲು ಶೀರ್ಷಿಕೆಯನ್ನು ಒಂದೊಂದೇ ಅಕ್ಷರವಾಗಿ ನೋಡೋಣ.

‘ಠ’ ಎಂದು ಓದಿದ ಹುಡುಗನಿಂದಲೇ ಆರಂಭಿಸುತ್ತೇನೆ. ನಿಮ್ಮ ವಿನ್ಯಾಸಕಾರರು ‘ರೆ’ ಅಕ್ಷರದ ದುಂಡಗಿನ ಹೊಟ್ಟೆಯೊಳಗೆ ಒಂದು ತೊಗರಿ ಕಾಳನ್ನು ಇಟ್ಟಿದ್ದಾರೆ. ಮಣ್ಣಿನೊಳಗೆ ಬೀಜ ಎಂಬ ಕಲ್ಪನೆ ಚೆನ್ನಾಗಿದೆ, ತೊಗರಿಯ ನಾಡಿಗೆ ಅದು ಒಪ್ಪುತ್ತದೆ ಕೂಡ. ಆದರೆ ಕನ್ನಡದಲ್ಲಿ ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ಆ ಹೊಟ್ಟೆಯೊಳಗಿನ ಒಂದು ಚುಕ್ಕೆ ಮಾತ್ರ. ಒಂದನೆಯ ತರಗತಿಯಲ್ಲಿ ಮಗು ಕಲಿಯುವುದು ಇದನ್ನೇ. ಕಾಳು ಇಟ್ಟ ಕೂಡಲೇ ‘ರೆ’ ಹೋಗಿ ‘ಠೆ’ ಆಯಿತು. ಪೋಸ್ಟರನ್ನು ಹತ್ತಿರದಿಂದ, ದೊಡ್ಡದಾಗಿ, ಬಣ್ಣದಲ್ಲಿ ನೋಡುವವರಿಗೆ ಅದು ಕಾಳಾಗಿ ಕಾಣಬಹುದು. ದೂರದಿಂದ ನೋಡುವವರಿಗೆ ಮತ್ತು ದಿನಪತ್ರಿಕೆಯ ಕಪ್ಪು-ಬಿಳುಪು ಜಾಹೀರಾತಿನಲ್ಲಿ ನೋಡುವವರಿಗೆ ಅದು ಚುಕ್ಕೆಯಾಗಿಯೇ ಕಾಣುತ್ತದೆ. ಆ ಕಾಳನ್ನು ಉಳಿಸಿಕೊಳ್ಳಲೇಬೇಕೆಂದಿದ್ದರೆ ಅದನ್ನು ಶೀರ್ಷಿಕೆಯಿಂದ ಹೊರಗೆ, ಕೆಳಗಿನ ಮಣ್ಣಿನ ಬಿರುಕಿನಲ್ಲಿ ಇಡಿ. ಅಕ್ಷರದ ಹೊಟ್ಟೆ ಖಾಲಿಯಾಗಿರಲಿ.

‘ಎರಮಣ್ಣು’ ಎಂದು ಓದಿದ ಇಬ್ಬರಿಗೆ ಮೋಸ ಮಾಡಿದ್ದು ಮೇಲಿನ ಗೆರೆ. ಶೀರ್ಷಿಕೆಯ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ ಒಂದೇ ಉದ್ದ ಗೆರೆ ಎಳೆದು, ಅದನ್ನು ಹೊಲದ ದಿಗಂತವೆಂದು ತೋರಿಸಿದ್ದಾರೆ. ದೇವನಾಗರಿಯಲ್ಲಿ ಅಕ್ಷರಗಳನ್ನು ಕೂಡಿಸುವ ಶಿರೋರೇಖೆ ಇದೆ. ಬೀದರ, ಔರಾದ, ಬಸವಕಲ್ಯಾಣದ ಕಡೆ ಮರಾಠಿ ಬೋರ್ಡುಗಳನ್ನು ದಿನವೂ ನೋಡುವ ಕಣ್ಣಿಗೆ ಈ ಗೆರೆ ಸಹಜವೆನಿಸುತ್ತದೆ, ಹಾಗಾಗಿ ವಿನ್ಯಾಸಕಾರರಿಗೂ ಅದು ತಪ್ಪೆಂದು ತೋರಿರಲಿಕ್ಕಿಲ್ಲ. ಆದರೆ ಕನ್ನಡ ಅಕ್ಷರದ ಮೇಲ್ಭಾಗದಲ್ಲಿ ಇರುವುದು ಸ್ವರದ ಗುರುತು. ‘ರ’ಕ್ಕೆ ತಲೆಕಟ್ಟು, ‘ರಿ’ಗೆ ಗುಡಿಸು, ‘ರೆ’ಗೆ ಎತ್ವ, ಕೆಳಗಿನ ದುಂಡು ಮೂರರಲ್ಲಿಯೂ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ಎತ್ವದ ಸುರುಳಿಯ ಮೇಲೆ ಅಡ್ಡಗೆರೆ ಹಾದುಹೋದರೆ ಸುರುಳಿ ಮುಚ್ಚಿಹೋಗುತ್ತದೆ, ಆ ಗೆರೆಯೇ ತಲೆಕಟ್ಟಿನಂತೆ ಕಾಣುತ್ತದೆ, ‘ರೆ’ ಎಂಬುದು ‘ರ’ ಆಗುತ್ತದೆ. ನಿಮ್ಮ ಶೀರ್ಷಿಕೆಯಲ್ಲಿ ತಲೆಕಟ್ಟು ನಿಜವಾಗಿ ಇರಬೇಕಾದದ್ದು ‘ಮ’ ಒಂದಕ್ಕೇ. ‘ಎ’ಗೆ ಅದಿಲ್ಲ, ‘ಣ’ಕ್ಕೂ ಇಲ್ಲ. ಇಲ್ಲದವರ ತಲೆಗೂ ರುಮಾಲು ಸುತ್ತಿದಂತಾಗಿದೆ. ದಿಗಂತ ಬೇಕೆಂದರೆ ‘ಮ’ದ ತಲೆಕಟ್ಟನ್ನು ಮಾತ್ರ ಸ್ವಲ್ಪ ಬಲಕ್ಕೆ ಚಾಚಿ, ‘ಣ’ ಆರಂಭವಾಗುವ ಮೊದಲೇ ನಿಲ್ಲಿಸಿ. ಒಂದು ಅಕ್ಷರದಲ್ಲಿ ತೋರಿಸಿದ ದಿಗಂತವೂ ದಿಗಂತವೇ.

‘ಮಣು’ ಎಂದವರಿಗೆ ಕಾಣದೇ ಹೋದದ್ದು ಒತ್ತಕ್ಷರ. ‘ಣ್ಣು’ವಿನ ಕೆಳಗಿನ ಣ-ಒತ್ತು ಕಡುಕಂದು ಬಣ್ಣದಲ್ಲಿದೆ. ಅದರ ಹಿಂದೆ ಕೆಳಸಾಲಿನ ಇಬ್ಬರು ನಟರ ಕಪ್ಪು ಕೂದಲು ಬಂದಿದೆ. ಎರಡೂ ಒಂದರಲ್ಲೊಂದು ಕರಗಿವೆ. ನಾನು ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಒತ್ತಿನ ಎಡಸುರುಳಿ ಒಬ್ಬರ ಹಣೆಯ ಮೇಲೆ ಬಿದ್ದ ಗುಂಗುರು ಕೂದಲಿನಂತೆಯೇ ಕಂಡಿತು. ಇದು ಬಣ್ಣ ಬದಲಿಸಿದರೆ ಮುಗಿಯುವ ತೊಂದರೆ ಅಲ್ಲ, ಜಾಗದ ತೊಂದರೆ. ಇಂಗ್ಲಿಷ್ ಶೀರ್ಷಿಕೆಗೆ ಮಾಡಿದ ಚೌಕಟ್ಟಿನಲ್ಲಿ ಕನ್ನಡವನ್ನು ಕೂರಿಸಿದಾಗಲೆಲ್ಲ ಹೀಗಾಗುತ್ತದೆ, ಏಕೆಂದರೆ ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಪಟ್ಟಿಯಲ್ಲಿ ನಿಲ್ಲುತ್ತವೆ, ಕನ್ನಡಕ್ಕೆ ಮೂರು ಪಟ್ಟಿ ಬೇಕು: ಮೇಲೆ ಸ್ವರಚಿಹ್ನೆಗೆ, ನಡುವೆ ಅಕ್ಷರದ ಒಡಲಿಗೆ, ಕೆಳಗೆ ಒತ್ತಿಗೆ. ಒಡಲು ಎರಡೂವರೆ ಇಂಚು ಎತ್ತರವಿದ್ದರೆ ಒತ್ತಿಗೆ ಅದರ ಅರ್ಧದಷ್ಟು, ಅಂದರೆ ಇನ್ನೂ ಒಂದೂಕಾಲು ಇಂಚು, ಖಾಲಿ ನೆಲ ಬಿಡಬೇಕು. ಆ ನೆಲಕ್ಕೆ ಯಾರ ತಲೆಯೂ ಬರಕೂಡದು.

ಈ ಮೂರು ತಿದ್ದುಪಡಿಗಳನ್ನು ಮಾಡಿದ ಮೇಲೆ ನೀವೇ ಒಂದು ಪರೀಕ್ಷೆ ಮಾಡಬಹುದು. ಒಂದು ಕಾಗದದಿಂದ ಶೀರ್ಷಿಕೆಯ ಕೆಳಗಿನ ಅರ್ಧವನ್ನು ಮುಚ್ಚಿ, ‘ರೆ’ಯ ಎತ್ವ ಸರಿಯಾಗಿ ಓದಲು ಬರುತ್ತದೆಯೇ ನೋಡಿ. ಆಮೇಲೆ ಮೇಲಿನ ಅರ್ಧವನ್ನು ಮುಚ್ಚಿ, ಒತ್ತು ತಾನಾಗಿ ಕಣ್ಣಿಗೆ ಬೀಳುತ್ತದೆಯೇ ನೋಡಿ. ಗೋಡೆಗೆ ಬಣ್ಣದಲ್ಲಿ ಬರೆಯುತ್ತಿದ್ದ ಕಾಲದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಪೇಂಟರ್ ಒಬ್ಬರು ಚೌಕ ಹಾಕುವಾಗಲೇ ಒತ್ತಿಗೆಂದು ಬೇರೆ ಸಾಲು ಎಳೆಸುತ್ತಿದ್ದರು. ಹೆಸರಿನಲ್ಲಿ ಒತ್ತು ಇಲ್ಲದಿದ್ದರೂ ಆ ಸಾಲನ್ನು ಖಾಲಿ ಬಿಡಿಸುತ್ತಿದ್ದರು. ಅದು ಏಕೆಂದು ನನಗೆ ಅರ್ಥವಾಗಿದ್ದು ಕಂಪ್ಯೂಟರಿನಲ್ಲಿ ಕೆಲಸ ಶುರುಮಾಡಿದ ಮೇಲೆ.

ಅಕ್ಷರಗಳ ಮೇಲೆ ಹಾಕಿರುವ ಬಿರುಕಿನ ವಿನ್ಯಾಸದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲದ ನೆನಪು ತರುವ ಆ ಬಿರುಕುಗಳು ಈ ಸಿನಿಮಾಕ್ಕೆ ಹೊಂದುತ್ತವೆ, ಅವನ್ನು ತೆಗೆಯಬೇಡಿ. ಆದರೆ ಯಾವ ಅಕ್ಷರದ ಬುಡದಲ್ಲೂ ನೆಟ್ಟಗೆ ಕೆಳಗಿಳಿಯುವ ಬಿರುಕು ಬರದಂತೆ ನೋಡಿಕೊಳ್ಳಿ. ನಮ್ಮ ಲಿಪಿಯಲ್ಲಿ ಬುಡದ ಸೀಳು ಎಂದರೆ ಮಹಾಪ್ರಾಣ: ‘ದ’ ಸೀಳಿದರೆ ‘ಧ’, ‘ಡ’ ಸೀಳಿದರೆ ‘ಢ’. ಇದೇ ಬಿರುಕನ್ನು ನೀವು ಕೆಳಗಿನ ಅಡಿಬರಹಕ್ಕೂ ಹಾಕಿದ್ದೀರಿ, ಅಲ್ಲಿ ‘ಬದುಕು’ ಎಂಬ ಮಾತಿನ ‘ದು’ವಿಗೆ ಸೀಳು ಬಿದ್ದು ‘ಬಧುಕು’ ಆಗಿದೆ. ಅಡಿಬರಹದಲ್ಲಿ ಬಿರುಕೇ ಬೇಡ, ಸಾದಾ ಅಕ್ಷರ ಸಾಕು.

ಇನ್ನು ಹೆಸರುಗಳ ಕ್ರಮ. ನಿಮ್ಮ ಹಿರಿಯ ಕಲಾವಿದರ ಬೇಸರಕ್ಕೆ ಪೋಸ್ಟರಿನಲ್ಲಿಯೇ ಆಧಾರವಿದೆ. ಅವರ ಮುಖ ಗಾತ್ರದಲ್ಲಿ ಎರಡನೆಯ ಹಂತದ್ದು, ಹೆಸರು ಮಾತ್ರ ಏಳನೆಯದು. ಚಿತ್ರ ಒಂದು ಮಾತು ಹೇಳಿದರೆ ಪಟ್ಟಿ ಇನ್ನೊಂದು ಹೇಳುತ್ತಿದೆ. ಅಂತಹ ಕಡೆ ಕಲಾವಿದರು ನಂಬುವುದು ಪಟ್ಟಿಯನ್ನೇ, ಏಕೆಂದರೆ ಮುಖ ದೊಡ್ಡದಾಗಿರುವುದು ವಿನ್ಯಾಸದ ಅನುಕೂಲಕ್ಕೆ ಇರಬಹುದು, ಪಟ್ಟಿಯನ್ನು ಯಾರೋ ಕುಳಿತು ತೀರ್ಮಾನಿಸಿಯೇ ಬರೆದಿರುತ್ತಾರೆ. ಅವರ ಹೆಸರಿನ ಸಾಲನ್ನು ಸ್ಕೇಲಿನಿಂದ ಅಳೆದು ನೋಡಿದೆ. ಹೆಸರು ಉದ್ದವಾದ್ದರಿಂದ ಅಕ್ಷರಗಳನ್ನು ಎರಡೂ ಬದಿಯಿಂದ ಅದುಮಿ ಪಕ್ಕದ ಹೆಸರುಗಳ ಅಗಲಕ್ಕೆ ಸರಿಮಾಡಿದ್ದಾರೆ. ಎತ್ತರ ಎಲ್ಲರದೂ ಒಂದೇ ಇದ್ದರೂ ಅದುಮಿದ ಹೆಸರು ಚಿಕ್ಕದಾಗಿ ಕಾಣುತ್ತದೆ. ಕನ್ನಡದ ದುಂಡು ಅಕ್ಷರಗಳನ್ನು ಅದುಮಿದರೆ ಅವು ಮೊಟ್ಟೆಯಾಕಾರಕ್ಕೆ ಬರುತ್ತವೆ, ಅಡ್ಡಗೆರೆ ದಪ್ಪವಾಗಿಯೇ ಉಳಿದು ಉದ್ದಗೆರೆ ತೆಳ್ಳಗಾಗುತ್ತದೆ. ಹೆಸರಿನಲ್ಲಿರುವ ‘ರ’ವನ್ನೋ ‘ದ’ವನ್ನೋ ಪಕ್ಕದ ಹೆಸರಿನ ಅದೇ ಅಕ್ಷರದೊಂದಿಗೆ ಹೋಲಿಸಿ ನೋಡಿದರೆ ಯಾರನ್ನು ಅದುಮಿದ್ದಾರೆಂದು ತಕ್ಷಣ ತಿಳಿಯುತ್ತದೆ. ಸಮಾನ ಸ್ಥಾನದವರೆಂದು ಒಪ್ಪಿದ ಮೇಲೆ ಒಂದೇ ಅಕ್ಷರಶೈಲಿ, ಒಂದೇ ಎತ್ತರ, ಒಂದೇ ದಪ್ಪ ಇರಬೇಕು. ಸಾಲು ತುಂಬಿದರೆ ಎರಡನೆಯ ಸಾಲಿಗೆ ಹೋಗಬೇಕು.

ಅವರಿಗೆ ಎರಡು ಸ್ಥಾನಗಳನ್ನು ಮುಂದಿಟ್ಟು ಅವರನ್ನೇ ಕೇಳಿ. ಒಂದು, ಮುಖದ ಗಾತ್ರಕ್ಕೆ ತಕ್ಕಂತೆ ಪಟ್ಟಿಯಲ್ಲಿ ಎರಡನೆಯ ಜಾಗ. ಇನ್ನೊಂದು, ಪಟ್ಟಿಯ ಕೊನೆಯಲ್ಲಿ ಸ್ವಲ್ಪ ಬಿಡುವು ಕೊಟ್ಟು, ‘ಮತ್ತು’ ಎಂಬ ಮಾತಿನ ನಂತರ ಒಬ್ಬರದೇ ಹೆಸರು. ನಮ್ಮ ಚಿತ್ರರಂಗದಲ್ಲಿ ಈ ಕೊನೆಯ ಜಾಗ ಹಿರಿಯರಿಗೆ ಕೊಡುವ ಗೌರವದ ಜಾಗ, ನಡುವಿನ ಏಳನೆಯದು ಯಾರಿಗೂ ಸಲ್ಲದ ಜಾಗ. ರಂಗಭೂಮಿಯಿಂದ ಬಂದ ಅನೇಕರು ‘ಮತ್ತು’ವನ್ನೇ ಆರಿಸುತ್ತಾರೆಂಬುದು ನನ್ನ ಅನುಭವ. ಆದರೆ ಅವರ ಪರವಾಗಿ ನೀವು ಆರಿಸಬೇಡಿ. ಅವರು ಯಾವುದನ್ನು ಆರಿಸಿದರೂ ಬರಹದಲ್ಲಿ ಪಡೆದುಕೊಳ್ಳಿ, ಮತ್ತು ತೆರೆಯ ಮೇಲೆ ಬರುವ ಹೆಸರುಗಳಲ್ಲಿಯೂ ಅದೇ ಕ್ರಮ ಇರಲಿ. ಪೋಸ್ಟರಿನಲ್ಲಿ ಒಂದು ಕ್ರಮ, ಚಿತ್ರಮಂದಿರದಲ್ಲಿ ಇನ್ನೊಂದು ಎಂದಾದರೆ ಮುನಿಸು ಎರಡನೆಯ ಸಲ ಶುರುವಾಗುತ್ತದೆ.

ತಾಯಿಯ ಪಾತ್ರ ಮಾಡಿದವರ ಹೆಸರು ಐದನೆಯದಾಗಿ ಬಂದಿರುವುದನ್ನು ನೀವು ಪ್ರಶ್ನೆಯಲ್ಲಿ ಹೇಳಿಲ್ಲ, ನಾನು ಹೇಳಲೇಬೇಕು. ನೀವು ಜೊತೆಗೆ ಕಳಿಸಿದ ಕಥಾಸಾರದ ಪ್ರಕಾರ ಹೊಲ ಉಳಿಸಿಕೊಳ್ಳುವ ಹೋರಾಟ ಆಕೆಯದು. ಆಕೆಗಿಂತ ಮುಂದೆ ಎರಡು ದೃಶ್ಯಗಳಲ್ಲಿ ಮಾತ್ರ ಬರುವ ಒಬ್ಬರ ಹೆಸರಿದೆ, ಅವರು ಹಣ ಹಾಕಿದವರ ಸಂಬಂಧಿ ಎಂದು ನೀವೇ ಬರೆದಿದ್ದೀರಿ. ಹಣ ಹಾಕಿದವರಿಗೆ ಪೋಸ್ಟರಿನ ತುದಿಯಲ್ಲಿ ‘ಅರ್ಪಿಸುವ’ ಎಂಬ ಸಾಲಿದೆ, ನಿರ್ಮಾಪಕರ ಸಾಲಿದೆ, ಸಹ ನಿರ್ಮಾಪಕರ ಸಾಲಿದೆ. ಅವುಗಳಲ್ಲಿ ಎಷ್ಟು ದೊಡ್ಡದಾಗಿಯಾದರೂ ಹಾಕಿ. ತಾರಾಗಣದ ಸಾಲು ಅಭಿನಯಿಸಿದವರದು, ಅದರಲ್ಲಿ ಆಕೆ ಮೊದಲ ಅಥವಾ ಎರಡನೆಯ ಹೆಸರಾಗಬೇಕು.

ಉಳಿದ ಹನ್ನೆರಡು ಮಂದಿ ಸಣ್ಣ ಪಾತ್ರದವರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೂಗುತ್ತ ಕೂರಬೇಡಿ. ಅಕಾರಾದಿಯಾಗಿ ಹಾಕಿ, ಪಟ್ಟಿಯ ಮೊದಲಿಗೆ ‘ಅಕಾರಾದಿ ಕ್ರಮದಲ್ಲಿ’ ಎಂದು ಸಣ್ಣದಾಗಿ ನಮೂದಿಸಿ. ಆ ಎರಡು ಪದಗಳ ಸಾಲು ಅನೇಕ ದೂರವಾಣಿ ಕರೆಗಳನ್ನು ತಪ್ಪಿಸುತ್ತದೆ. ಅಚ್ಚಿಗೆ ಹೋಗುವ ಮುನ್ನ ಪ್ರತಿಯೊಬ್ಬರಿಗೂ ಅವರ ಹೆಸರಿನ ಸಾಲನ್ನು ಕಳಿಸಿ ಒಪ್ಪಿಗೆ ಪಡೆಯಿರಿ. ನಮ್ಮ ಭಾಗದವರು ‘ಪಾಟೀಲ’ ಎಂದು ಪೂರ್ತಿ ಬರೆಯುವುದನ್ನು ಬೆಂಗಳೂರಿನ ವಿನ್ಯಾಸಕಾರರು ‘ಪಾಟೀಲ್’ ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ನಿಮ್ಮ ಪಟ್ಟಿಯಲ್ಲಿ ಒಬ್ಬರು ‘ಪಾಟೀಲ’ ಇದ್ದಾರೆ, ಇನ್ನೊಬ್ಬರು ‘ಪಾಟೀಲ್’ ಆಗಿದ್ದಾರೆ. ಅವರವರ ಬರವಣಿಗೆ ಹೇಗಿದೆಯೋ ಹಾಗೆ ಇರಲಿ. ಕೆಳಗಿನ ತಂತ್ರಜ್ಞರ ಸಾಲಿನಲ್ಲಿ ‘ಛಾಯಾಗ್ರಹಣ’ದ ಗ್ರ ಒಡೆದು ‘ಗ್‌ರ’ ಎಂದು ಬಂದಿದೆ. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಅಕ್ಷರಜೋಡಣೆಯ ಆಯ್ಕೆಯನ್ನು ಚಾಲೂ ಮಾಡದೆ ಯೂನಿಕೋಡ್ ಪಠ್ಯವನ್ನು ಅಂಟಿಸಿದಾಗ ಹೀಗೆ ಒತ್ತುಗಳು ಬಿಡಿಬಿಡಿಯಾಗುತ್ತವೆ. ಒಂದು ಕಡೆ ಒಡೆದಿದ್ದರೆ ಎಲ್ಲ ಕಡೆ ಹುಡುಕಿ.

ಈಗ ಮುಖಗಳು. ಯಾರನ್ನೂ ತೆಗೆಯಲಾಗದು ಎಂಬ ನಿಮ್ಮ ಮಾತನ್ನು ಒಪ್ಪಿಕೊಂಡೇ ಹೇಳುತ್ತೇನೆ. ಗೋಡೆಗೆ ಹಚ್ಚುವ 20×30 ಇಂಚಿನ ಹಾಳೆಯಲ್ಲಿ ನಿಮ್ಮ ನಾಯಕನ ಮುಖ ಹಣೆಯಿಂದ ಗಲ್ಲದವರೆಗೆ 6 ಇಂಚು ಇದೆ, ನಾಲ್ವರದು 3 ಇಂಚು, ಉಳಿದ ಹನ್ನೆರಡು ಮಂದಿಯದು ಒಂದೂಕಾಲು ಇಂಚು. ಆದರೆ ಹೆಚ್ಚಿನವರು ಈ ಪೋಸ್ಟರನ್ನು ಮೊದಲು ನೋಡುವುದು ಫೋನಿನಲ್ಲಿ. ಅಲ್ಲಿ ಅದರ ಅಗಲ ಸುಮಾರು 7 ಸೆಂಟಿಮೀಟರ್, ಅಂದರೆ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೂಕಾಲು ಇಂಚಿನ ಮುಖ ಆಗ ನಾಲ್ಕೂವರೆ ಮಿಲಿಮೀಟರ್ ಆಗುತ್ತದೆ, ಒಂದು ಜೋಳದ ಕಾಳಿನಷ್ಟು. ತನ್ನ ಮುಖವನ್ನು ಪೋಸ್ಟರಿನಲ್ಲಿ ಹುಡುಕುವ ಕಲಾವಿದನಿಗೆ ಅದು ಸಿಗಬಹುದು, ಬೇರೆ ಯಾರಿಗೂ ಗುರುತು ಸಿಗದು. ಎಲ್ಲರನ್ನೂ ಸೇರಿಸಿದ್ದೇವೆಂಬ ಸಮಾಧಾನ ನಿಮಗಿದೆ, ಆದರೆ ಆ ಹನ್ನೆರಡು ಮಂದಿ ನಿಜವಾಗಿ ಕಾಣುತ್ತಲೇ ಇಲ್ಲ.

ಗಾತ್ರಕ್ಕಿಂತ ಹೆಚ್ಚು ಕಣ್ಣಿಗೆ ಚುಚ್ಚುವುದು ಬೆಳಕು. ನಾಯಕನ ಮೂಗಿನ ನೆರಳು ಬಲಗೆನ್ನೆಯ ಮೇಲಿದೆ, ತಾಯಿಯದು ಎಡಗೆನ್ನೆಯ ಮೇಲಿದೆ, ಕೆಳಸಾಲಿನ ಮೂವರಿಗೆ ನೆರಳೇ ಇಲ್ಲ, ಅವರ ಚಿತ್ರಗಳನ್ನು ನೆರಳಿನ ಜಾಗದಲ್ಲಿ ತೆಗೆದಿದ್ದಾರೆ. ಒಂದೇ ಹೊಲದಲ್ಲಿ ಮೂರು ಸೂರ್ಯರಿದ್ದಂತಾಗಿದೆ. ನೋಡುವವರು ಇದನ್ನು ಬಾಯಿಬಿಟ್ಟು ಹೇಳಲಾರರು, ‘ಏನೋ ಅಂಟಿಸಿದಂಗ ಕಾಣ್ತದ’ ಎನ್ನುತ್ತಾರೆ ಅಷ್ಟೇ. ಮೂಗಿನ ನೆರಳನ್ನು ಒಬ್ಬೊಬ್ಬರದಾಗಿ ನೋಡುತ್ತ ಹೋದರೆ ಯಾವ ಮುಖ ಎಲ್ಲಿಂದ ಬಂದಿದೆಯೆಂದು ನೀವೇ ಬಿಡಿಸಿ ಹೇಳಬಲ್ಲಿರಿ. ಇದನ್ನು ಮರೆಮಾಡಲೆಂದು ಎಲ್ಲರ ಚರ್ಮವನ್ನೂ ಒಂದೇ ಸಮನೆ ತಿಳಿಯಾಗಿಸಿ, ಮೇಲೆ ಕಿತ್ತಳೆ ಬಣ್ಣ ಸವರಿದ್ದಾರೆ. ನನಗೆ ನಿಜಕ್ಕೂ ನೋವಾದದ್ದು ಇಲ್ಲಿ. ಬಿಸಿಲಲ್ಲಿ ದುಡಿದು ಕಪ್ಪಾದ ಮುಖಗಳ ಕಥೆಯಿದು, ಆ ಕಪ್ಪನ್ನೇ ಅಳಿಸಿಹಾಕಿದರೆ ಆ ಮುಖಗಳಿಗೂ ಶೀರ್ಷಿಕೆಗೂ ಸಂಬಂಧ ಕಡಿದುಹೋಗುತ್ತದೆ.

ನನ್ನ ಸಲಹೆ ಇದು. ಹನ್ನೆರಡು ಮಂದಿಯನ್ನೂ ಒಂದು ಬೆಳಿಗ್ಗೆ ಒಂದೇ ಕಡೆ ಸೇರಿಸಿ ಹೊಸದಾಗಿ ಒಂದೇ ಚಿತ್ರ ತೆಗೆಯಿರಿ. ಹೊಲದ ಬದುವಿನ ಮೇಲೆ ಸಾಲಾಗಿ ಕುಳಿತಿರಲಿ ಅಥವಾ ನಿಂತಿರಲಿ, ಸೊಂಟದಿಂದ ಮೇಲಕ್ಕೆ ಕಾಣಲಿ. ಬಿಸಿಲೇರುವ ಮೊದಲು, ಏಳು ಗಂಟೆಯ ಸುಮಾರಿಗೆ, ಸೂರ್ಯ ಒಂದು ಬದಿಯಲ್ಲಿರುವಾಗ ತೆಗೆದರೆ ನೆರಳು ಎಲ್ಲರಿಗೂ ಒಂದೇ ಕಡೆ ಬೀಳುತ್ತದೆ. ಆ ಸಾಲು ಪೋಸ್ಟರಿನ ಬುಡದಲ್ಲಿ ಪೂರ್ತಿ 20 ಇಂಚು ಅಗಲಕ್ಕೆ ಬರಲಿ. ಮುಖಗಳು ಆಗಲೂ ಸಣ್ಣವೇ ಇರುತ್ತವೆ, ಆದರೆ ಕತ್ತರಿಸಿ ಅಂಟಿಸಿದ ಹನ್ನೆರಡು ತಲೆಗಳಾಗಿರದೆ ಒಂದು ಊರಿನ ಮಂದಿಯಾಗಿ ಕಾಣುತ್ತವೆ. ರುಮಾಲು, ಕುಳಿತ ಭಂಗಿ, ಹೆಗಲ ಮೇಲಿನ ಟವೆಲ್ಲಿನಿಂದ ಫೋನಿನಲ್ಲಿಯೂ ಒಬ್ಬೊಬ್ಬರ ಗುರುತು ಸಿಗುತ್ತದೆ. ಹೊಸ ಚಿತ್ರ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಿಮಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೆಲವು ಚಿತ್ರಗಳಲ್ಲಿ ಮುಖದ ಎತ್ತರ 200 ಪಿಕ್ಸೆಲ್ ಮಾತ್ರ ಇದೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂದು ಲೆಕ್ಕ ಹಿಡಿದರೆ ಅದು ಮುಕ್ಕಾಲು ಇಂಚಿಗೂ ಸಾಲದು. ಅದನ್ನು ಒಂದೂಕಾಲು ಇಂಚಿಗೆ ಹಿಗ್ಗಿಸಿದ್ದರಿಂದಲೇ ಆ ಮುಖಗಳು ಮೇಣದಂತೆ ನುಣ್ಣಗಾಗಿವೆ.

ಉಳಿದ ಐವರಲ್ಲಿ ತಾಯಿ ಮತ್ತು ನಾಯಕ ಇಬ್ಬರ ಮುಖಗಳು ಮೇಲೆ ದೊಡ್ಡದಾಗಿ ಇರಲಿ, ಗಾತ್ರ ಒಂದೇ ಇರಲಿ. ಯಾರ ಹೆಗಲು ಯಾರ ಹೆಗಲಿನ ಮುಂದೆ ಬರುತ್ತದೆಂಬುದೂ ಹೆಸರಿನ ಕ್ರಮದಷ್ಟೇ ಮಾತಾಡುತ್ತದೆ, ಆದ್ದರಿಂದ ಆಕೆಯ ಹೆಗಲು ಮುಂದೆ ಇರಲಿ. ಹಿರಿಯ ಕಲಾವಿದರು ಅವರಿಗಿಂತ ತುಸು ಚಿಕ್ಕದಾಗಿ, ಆದರೆ ಒಬ್ಬರೇ, ಯಾರೂ ಅವರನ್ನು ಮರೆಮಾಡದಂತೆ ಬಲಬದಿಯಲ್ಲಿರಲಿ. ಮಿಕ್ಕ ಇಬ್ಬರನ್ನು ಬದುವಿನ ಸಾಲಿಗೇ ಸೇರಿಸಿ. ಮೇಲಿನ ಮುಖಗಳಿಗೂ ಕೆಳಗಿನ ಸಾಲಿಗೂ ನಡುವೆ ಬರಿಯ ಆಕಾಶದ ಒಂದು ಪಟ್ಟಿ ಬಿಡಿ, ಸುಮಾರು 6 ಇಂಚಿನಷ್ಟು. ಶೀರ್ಷಿಕೆ ಅಲ್ಲಿ ಬರುತ್ತದೆ. ಎತ್ವಕ್ಕೆ ಮೇಲೆ ಜಾಗ ಸಿಗುತ್ತದೆ, ಒತ್ತಿಗೆ ಕೆಳಗೆ ಜಾಗ ಸಿಗುತ್ತದೆ, ಯಾರ ಕೂದಲೂ ಅಡ್ಡ ಬರುವುದಿಲ್ಲ. ಎರಡೂವರೆ ಇಂಚಿನ ಒಡಲಿದ್ದರೆ ಸುಮಾರು 25 ಅಡಿ ದೂರದಿಂದ ಸಲೀಸಾಗಿ ಓದಬಹುದು. ರಿಂಗ್ ರಸ್ತೆಯ ಆಚೆ ಬದಿಯಿಂದ ಓದಿಸಬೇಕೆಂದರೆ ಅದಕ್ಕೆ ದೊಡ್ಡ ಹೋರ್ಡಿಂಗ್ ಬೇಕು, ಈ ಹಾಳೆಯಿಂದ ಆಗದು.

ಬಣ್ಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಶೀರ್ಷಿಕೆಯನ್ನು ಕೆಂಪು ಮಾಡೋಣವೇ ಎಂದು ನಿಮ್ಮ ವಿನ್ಯಾಸಕಾರರು ಬದಿಯಲ್ಲಿ ಟಿಪ್ಪಣಿ ಬರೆದಿದ್ದಾರೆ. ನಾಲ್ಕು ಬಣ್ಣದ ಮುದ್ರಣದಲ್ಲಿ ಕೆಂಪು ಬರುವುದು ಮಜೆಂಟಾ ಮತ್ತು ಹಳದಿ ಸೇರಿ, ಬಿಸಿಲಿಗೆ ಮೊದಲು ಹಾರಿಹೋಗುವುದು ಇವೆರಡೇ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಗೋಡೆಗಳ ಮೇಲಿನ ಹಳೆಯ ಪೋಸ್ಟರುಗಳನ್ನು ನೋಡಿ: ಕೆಂಪು ಹೆಸರುಗಳು ಮಸುಕಾಗಿ, ನೀಲಿ ಮುಖಗಳು ಮಾತ್ರ ಉಳಿದಿರುತ್ತವೆ. ತಿಳಿ ಆಕಾಶದ ಮೇಲೆ ಎರೆಮಣ್ಣಿನ ಬಣ್ಣವೇ, ಕಪ್ಪು ಶಾಯಿ ಹೆಚ್ಚು ಇರುವ ಕಡುಗಂದು, ಇರಲಿ. ಪೂರ್ತಿ ಅಚ್ಚು ಹಾಕಿಸುವ ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಬಿಸಿಲು ಬೀಳುವ ಗೋಡೆಗೆ ಒಂದು ವಾರ ಹಚ್ಚಿ ಬಿಡಿ. ಆ ಮೇಲೆ ಅದರ ಮುಂದೆ ಹಾದುಹೋಗುವ, ಸಿನಿಮಾದ ಹೆಸರು ಮೊದಲು ಕೇಳಿರದ ಐವರಿಗೆ ಓದಿಸಿ, ಅವರು ಓದಿದ್ದನ್ನು ಅವರು ಉಚ್ಚರಿಸಿದಂತೆಯೇ ಬರೆದು ನನಗೆ ಕಳಿಸಿ.